ಒಂದೇ ಮಗುವಿಗೆ ಎಷ್ಟು ವಯಸ್ಸು? ಶಿಶು, ಮಗು, ಹದಿಹರೆಯ, ಹಿರಿಯ ಎಂಬ ಪದಗಳ ಗಡಿಗಳು

ಜನವರಿ 10ರಂದು ಒಂದು ಮಗು ಹುಟ್ಟಿತು ಎಂದಿಟ್ಟುಕೊಳ್ಳಿ. ಹೆರಿಗೆಗೆ ವೈದ್ಯರು ಕೊಟ್ಟಿದ್ದ ದಿನ ಮಾರ್ಚ್ 21. ಮಗು ಹತ್ತು ವಾರ ಮೊದಲೇ, ಗರ್ಭಕ್ಕೆ 30 ವಾರ ತುಂಬಿದಾಗಲೇ ಹೊರಗೆ ಬಂದಿದೆ. ಕೆಲವು ವಾರ ಆಸ್ಪತ್ರೆಯಲ್ಲಿದ್ದು, ಚೇತರಿಸಿಕೊಂಡು ಮನೆಗೆ ಬರುತ್ತದೆ. ಜುಲೈ 10ಕ್ಕೆ ಆರು ತಿಂಗಳು ತುಂಬುತ್ತದೆ. ಅವತ್ತು ನೋಡಲು ಬಂದವರೊಬ್ಬರು ಕೇಳುತ್ತಾರೆ: "ಆರು ತಿಂಗಳಾಯ್ತು, ಇನ್ನೂ ಬೋರಲು ಬಿದ್ದಿಲ್ವಾ?"

ಕೇಳಿದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ. ಆದರೂ ಆ ಒಂದು ಮಾತಿಗೆ ತಾಯಿಯ ರಾತ್ರಿಯ ನಿದ್ದೆ ಹೋಗುತ್ತದೆ. ನಿಜವಾಗಿ ಅಲ್ಲಿ ಆತಂಕಪಡುವಂಥದ್ದು ಇಲ್ಲ, ತಪ್ಪಿರುವುದು ಲೆಕ್ಕ. ಮಕ್ಕಳ ವೈದ್ಯರು ಈ ಮಗುವಿನ ಬೆಳವಣಿಗೆಯನ್ನು ಅಳೆಯುವುದು ಜನವರಿ 10ರಿಂದಲ್ಲ, ಮಾರ್ಚ್ 21ರಿಂದ. ಆ ಲೆಕ್ಕದಲ್ಲಿ ಜುಲೈ 10ಕ್ಕೆ ಮಗುವಿಗೆ ಮೂರು ತಿಂಗಳು ಹತ್ತೊಂಬತ್ತು ದಿನ. ಮೂರೂವರೆ ತಿಂಗಳ ಕೂಸು ಕುತ್ತಿಗೆ ನಿಲ್ಲಿಸಲು ಕಲಿಯುತ್ತಿರುತ್ತದೆ, ಮುಖ ನೋಡಿ ನಗುತ್ತದೆ, ಕೈಗಳನ್ನು ಬಾಯಿಗೆ ತರುತ್ತದೆ. ಇನ್ನೂ ಬೋರಲು ಬಿದ್ದಿಲ್ಲ ಎಂದು ಯಾರೂ ಅದನ್ನು ಹಿಂದೆ ಬಿದ್ದ ಮಗು ಎನ್ನುವುದಿಲ್ಲ.

ಹೀಗೆ ಅವಧಿಗೆ ಮುನ್ನ ಹುಟ್ಟಿದ ವಾರಗಳನ್ನು ಕಳೆದು ಉಳಿಯುವುದಕ್ಕೆ ಸರಿಪಡಿಸಿದ ವಯಸ್ಸು ಎಂದು ಹೆಸರು. 37 ವಾರ ತುಂಬುವ ಮೊದಲೇ ಹುಟ್ಟಿದ ಮಕ್ಕಳಿಗೆ ಇದು ಅನ್ವಯಿಸುತ್ತದೆ. ಕಳೆಯುವುದು ಮಾತ್ರ 40 ವಾರದಿಂದ, 37ರಿಂದಲ್ಲ. ಇಲ್ಲಿ ತಪ್ಪುವವರು ಬಹಳ ಜನ. ಸಾಮಾನ್ಯವಾಗಿ ಎರಡು ವರ್ಷದವರೆಗೆ ಹೀಗೆ ಕಳೆಯುತ್ತಾರೆ, ಆಮೇಲೆ ಬಿಟ್ಟುಬಿಡುತ್ತಾರೆ. ಕಾರಣ ಸರಳ. ಆರು ತಿಂಗಳೆಂದರೆ 26 ವಾರ, ಅದರಲ್ಲಿ ಹತ್ತು ವಾರವೆಂದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು. ಎರಡು ವರ್ಷದ 104 ವಾರಗಳಲ್ಲಿ ಅದೇ ಹತ್ತು ವಾರ ಹತ್ತನೇ ಒಂದು ಭಾಗದಷ್ಟು. ಮಗು ಬೆಳೆದಂತೆ ಆ ವ್ಯತ್ಯಾಸದ ತೂಕ ಕಡಿಮೆಯಾಗುತ್ತಾ ಹೋಗುತ್ತದೆ.

ಹಾಗಿದ್ದರೆ ಎಲ್ಲಕ್ಕೂ ಸರಿಪಡಿಸಿದ ವಯಸ್ಸನ್ನೇ ಹಿಡಿಯಬಹುದೇ? ಇಲ್ಲ. ಲಸಿಕೆ ಹಾಕುವುದು ಹುಟ್ಟಿದ ದಿನದಿಂದ ಎಣಿಸಿಯೇ. ಹೊರಗಿನ ರೋಗಾಣುಗಳಿಗೆ ಮಗು ಒಡ್ಡಿಕೊಂಡಿರುವುದು ಜನವರಿ 10ರಿಂದ. ಬೇಗ ಹುಟ್ಟಿದ ಮಕ್ಕಳಿಗೆ ಸೋಂಕಿನ ಅಪಾಯವೂ ಹೆಚ್ಚು, ಹಾಗಾಗಿ ತಡಮಾಡುವುದರಲ್ಲಿ ನಷ್ಟವೇ. ಎರಡು ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸ್‌ನಂಥ ಒಂದೆರಡು ವಿಚಾರದಲ್ಲಿ ವೈದ್ಯರು ಬೇರೆ ಲೆಕ್ಕ ಹಾಕಬಹುದು. ಅದನ್ನು ಬಿಟ್ಟರೆ ಲಸಿಕೆಯ ಚೀಟಿಯಲ್ಲಿ ಇರುವುದು ಹುಟ್ಟಿದ ದಿನವೇ. ಒಂದೇ ದಿನ, ಒಂದೇ ಕೋಣೆಯಲ್ಲಿ, ಒಂದೇ ಮಗುವಿಗೆ ಸೂಜಿ ಚುಚ್ಚುವಾಗ ಆರು ತಿಂಗಳು, ಬೆಳವಣಿಗೆ ನೋಡುವಾಗ ಮೂರೂವರೆ ತಿಂಗಳು. ಎರಡೂ ಸರಿಯೇ.

ವಯಸ್ಸಿನ ಪದಗಳೆಲ್ಲ ಹೀಗೇ ಇವೆ. ಪ್ರತಿಯೊಂದು ಗೆರೆಯನ್ನೂ ಯಾರೋ ಯಾವುದೋ ಒಂದು ಕೆಲಸಕ್ಕಾಗಿ ಎಳೆದಿದ್ದಾರೆ. ಒಂದು ಕೆಲಸದ ಗೆರೆಯನ್ನು ಇನ್ನೊಂದಕ್ಕೆ ಹಚ್ಚಿದಾಗ ಎಡವಟ್ಟಾಗುತ್ತದೆ. ಈ ಮಗುವನ್ನೇ ಹಿಡಿದುಕೊಂಡು ಮುಂದೆ ಹೋಗೋಣ.

ನವಜಾತ: 28 ದಿನ, ಅಥವಾ ಅದಕ್ಕಿಂತ ಹೆಚ್ಚು

ನವಜಾತ ಶಿಶು ಅಂದರೆ ಎಲ್ಲಿಯವರೆಗೆ? ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಹುಟ್ಟಿದ ಮೇಲಿನ ಮೊದಲ 28 ದಿನ. ಹುಟ್ಟಿದ ದಿನವನ್ನು ಸೊನ್ನೆ ಎಂದು ಹಿಡಿದು 27ನೇ ದಿನದವರೆಗೆ ಎಣಿಸುತ್ತಾರೆ. ನಮ್ಮ ಮಗುವಿಗೆ ಇದು ಫೆಬ್ರವರಿ 6ಕ್ಕೆ ಮುಗಿಯುತ್ತದೆ. ಫೆಬ್ರವರಿ 7ರಿಂದ ಅದು ಅಂಕಿಅಂಶದ ಪುಸ್ತಕದಲ್ಲಿ ನವಜಾತವಲ್ಲ, ಬರಿ ಶಿಶು.

ಆದರೆ ಫೆಬ್ರವರಿ 7ರಂದು ಅದು ಎಲ್ಲಿದೆ ನೋಡಿ. ಗರ್ಭದ ಲೆಕ್ಕದಲ್ಲಿ ಅದಕ್ಕಿನ್ನೂ 34 ವಾರ. ಹುಟ್ಟಬೇಕಾಗಿದ್ದ ದಿನಕ್ಕೆ ಇನ್ನೂ ಆರು ವಾರ ಬಾಕಿ. ಮೂತ್ರಪಿಂಡ, ಪಿತ್ತಜನಕಾಂಗ, ಶ್ವಾಸಕೋಶ ಎಲ್ಲವೂ ಇನ್ನೂ ಗರ್ಭದಲ್ಲಿರಬೇಕಾದ ಮಗುವಿನವು. ಇಂಥ ಮಗುವಿಗೆ ಔಷಧಿಯ ಪ್ರಮಾಣ ಗೊತ್ತುಮಾಡುವವರಿಗೆ ಫೆಬ್ರವರಿ 7 ಎಂಬ ಗೆರೆಯಿಂದ ಉಪಯೋಗವಿಲ್ಲ. ಹಾಗಾಗಿ ಔಷಧ ಪರೀಕ್ಷೆಗಳಿಗೆ ಸಂಬಂಧಿಸಿದ ಅಂತರರಾಷ್ಟ್ರೀಯ ಮಾರ್ಗಸೂಚಿ ಬೇರೆ ಗೆರೆ ಎಳೆಯುತ್ತದೆ. ಅವಧಿಗೆ ಮುನ್ನ ಹುಟ್ಟಿದ ಮಗುವಿನ ನವಜಾತ ಅವಧಿ ಹುಟ್ಟಿದ ದಿನದಿಂದ ಶುರುವಾಗಿ, ಹೆರಿಗೆಗೆ ಕೊಟ್ಟಿದ್ದ ದಿನದ ಮೇಲೆ ಇನ್ನೂ 27 ದಿನ ನಡೆಯುತ್ತದೆ. ಮಾರ್ಚ್ 21ಕ್ಕೆ 27 ದಿನ ಕೂಡಿಸಿದರೆ ಏಪ್ರಿಲ್ 17. ಅಂದರೆ ಒಂದು ಪುಸ್ತಕದಲ್ಲಿ ಫೆಬ್ರವರಿ 6ಕ್ಕೆ ಮುಗಿದ ಅವಧಿ ಇನ್ನೊಂದರಲ್ಲಿ ಏಪ್ರಿಲ್ 17ರವರೆಗೆ ಎಳೆಯುತ್ತದೆ.

ಔಷಧಿಯವರು ಇಷ್ಟು ಹುಷಾರಾಗಿರುವುದಕ್ಕೆ ಹಿಂದೆ ನಡೆದುಹೋದ ದುರಂತಗಳೇ ಕಾರಣ. ಕ್ಲೋರಾಂಫೆನಿಕಾಲ್ ಎಂಬ ಆ್ಯಂಟಿಬಯಾಟಿಕ್ ದೊಡ್ಡವರಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿತ್ತು. 1950ರ ದಶಕದಲ್ಲಿ ಅದನ್ನು ನವಜಾತ ಶಿಶುಗಳಿಗೂ, ಅದರಲ್ಲೂ ಅವಧಿಗೆ ಮುನ್ನ ಹುಟ್ಟಿದವುಗಳಿಗೆ ಕೊಟ್ಟರು. ಕೆಲವು ಕೂಸುಗಳ ಹೊಟ್ಟೆ ಉಬ್ಬಿತು, ಮೈ ಬೂದಿ ಬಣ್ಣಕ್ಕೆ ತಿರುಗಿತು, ರಕ್ತದೊತ್ತಡ ಕುಸಿದು ಪ್ರಾಣ ಹೋಯಿತು. ಈ ಔಷಧಿಯನ್ನು ಒಡೆದು ಹೊರಹಾಕಬೇಕಾದ ಕಿಣ್ವ ನವಜಾತ ಶಿಶುವಿನ ಪಿತ್ತಜನಕಾಂಗದಲ್ಲಿ ಇನ್ನೂ ಪಳಗಿರುವುದಿಲ್ಲ ಎಂಬುದು ಆಮೇಲೆ ತಿಳಿಯಿತು. ತೂಕಕ್ಕೆ ತಕ್ಕಂತೆ ಕಡಿಮೆ ಮಾಡಿ ಕೊಟ್ಟಿದ್ದರೂ ಔಷಧಿ ದಿನದಿಂದ ದಿನಕ್ಕೆ ಮೈಯಲ್ಲೇ ಶೇಖರವಾಗುತ್ತಿತ್ತು. ನವಜಾತ ಶಿಶು ಎಂದರೆ ಸಣ್ಣ ಗಾತ್ರದ ಮನುಷ್ಯನಲ್ಲ, ಅದರ ಒಳಗಿನ ಕೆಲಸವೇ ಬೇರೆ ರೀತಿಯದು ಎಂಬ ತಿಳಿವಳಿಕೆ ಇಂಥ ಸಾವುಗಳಿಂದ ಬಂದದ್ದು.

ಜ್ವರದ ವಿಚಾರದಲ್ಲಿ ಗೆರೆ ಇನ್ನೂ ಸಣ್ಣದಾಗುತ್ತದೆ. ನೋಡಲು ಚೆನ್ನಾಗಿಯೇ ಇರುವ, ಅವಧಿ ತುಂಬಿ ಹುಟ್ಟಿದ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಜ್ವರ ಬಂದರೆ ಏನು ಮಾಡಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2021ರಲ್ಲಿ ಹೊರತಂದ ಮಾರ್ಗಸೂಚಿ ದಿನಗಳ ಲೆಕ್ಕದಲ್ಲಿದೆ: 8ರಿಂದ 21 ದಿನ, 22ರಿಂದ 28 ದಿನ, 29ರಿಂದ 60 ದಿನ. ಮೊದಲ ಗುಂಪಿಗೆ ರಕ್ತ, ಮೂತ್ರ, ಬೆನ್ನುಹುರಿಯ ದ್ರವ ಮೂರನ್ನೂ ಪರೀಕ್ಷೆಗೆ ಕಳಿಸಿ, ಆಸ್ಪತ್ರೆಯಲ್ಲಿಟ್ಟುಕೊಂಡು ಔಷಧಿ ಶುರುಮಾಡುತ್ತಾರೆ. ಕೊನೆಯ ಗುಂಪಿನಲ್ಲಿ ರಕ್ತ, ಮೂತ್ರದ ಫಲಿತಾಂಶ ನೋಡಿಕೊಂಡು ಕೆಲವು ಮಕ್ಕಳನ್ನು ಮನೆಗೇ ಕಳಿಸಬಹುದು. 20 ದಿನದ ಕೂಸು, 40 ದಿನದ ಕೂಸು ಎರಡನ್ನೂ ನಾವು ಹಸುಗೂಸು ಎಂದೇ ಕರೆಯುತ್ತೇವೆ. ಆಸ್ಪತ್ರೆಗೆ ಫೋನ್ ಮಾಡಿದಾಗ "ಚಿಕ್ಕ ಮಗು, ಜ್ವರ" ಎಂದರೆ ಅರ್ಧ ಮಾತೇ ಹೇಳಿದ ಹಾಗೆ. ಎಷ್ಟು ದಿನ, ಎಷ್ಟನೇ ವಾರಕ್ಕೆ ಹುಟ್ಟಿದ್ದು ಎಂಬೆರಡನ್ನೂ ಸೇರಿಸಿ ಹೇಳಬೇಕು.

ಶಿಶು: ಒಂದು ವರ್ಷ, ಎರಡು ವರ್ಷ, ಹದಿನೆಂಟು ವರ್ಷ

ಇಂಗ್ಲಿಷಿನ ಇನ್ಫೆಂಟ್ ಎಂಬ ಪದದ ಮೂಲ ಲ್ಯಾಟಿನ್‌ನ ಇನ್ಫಾನ್ಸ್. ಅರ್ಥ, ಮಾತಾಡದವನು. ಮಾತು ಬರುವ ಮುಂಚಿನ ಕೂಸು ಎಂದು ನಾವು ಅಂದುಕೊಳ್ಳುತ್ತೇವೆ. ರೋಮನ್ನರ ಕಾನೂನಿನಲ್ಲಿ ಇನ್ಫಾನ್ಸ್ ಎಂದರೆ ಏಳು ವರ್ಷದೊಳಗಿನವರು. ಏಳರೊಳಗಿನ ಮಕ್ಕಳು ಮಾತಾಡುತ್ತಾರೆ, ಅದು ರೋಮನ್ನರಿಗೂ ಗೊತ್ತಿತ್ತು. ಆದರೆ ಕಾನೂನಿಗೆ ಬೇಕಾಗಿದ್ದ ಮಾತು ಬೇರೆ: ಒಪ್ಪಂದದ ನುಡಿಗಳನ್ನು ಅರ್ಥ ತಿಳಿದು ಆಡುವ ಮಾತು. ಆ ಮಾತು ಬರುವವರೆಗೆ ಕಾನೂನಿನ ಕಣ್ಣಿಗೆ ಅವರು ಮಾತು ಬಾರದವರೇ.

ಈ ಎಳೆ ಆಮೇಲೂ ಮುಂದುವರಿಯಿತು. ಇಂಗ್ಲೆಂಡಿನ ಕಾನೂನಿನಲ್ಲಿ 21 ವರ್ಷ ತುಂಬದ ಎಲ್ಲರೂ ಇನ್ಫೆಂಟ್. 1969ರ ಕಾಯ್ದೆ ಪ್ರಾಪ್ತ ವಯಸ್ಸನ್ನು 18ಕ್ಕೆ ಇಳಿಸಿತು, ಜೊತೆಗೆ ಇನ್ಫೆಂಟ್ ಬದಲು ಮೈನರ್ ಎನ್ನಲು ಅವಕಾಶ ಮಾಡಿಕೊಟ್ಟಿತು. ನ್ಯೂಯಾರ್ಕ್ ರಾಜ್ಯದ ಸಿವಿಲ್ ಪ್ರಕ್ರಿಯಾ ಕಾನೂನಿನಲ್ಲಿ ಆ ಹಳೆಯ ಪದ ಇವತ್ತಿಗೂ ಉಳಿದಿದೆ. 18 ತುಂಬದವರನ್ನು ಅಲ್ಲಿ ಇನ್ಫೆಂಟ್ ಎಂದೇ ಬರೆಯುತ್ತಾರೆ. ಅಪಘಾತದಲ್ಲಿ ಕಾಲು ಮುರಿದುಕೊಂಡ 17 ವರ್ಷದ ಹುಡುಗ ಪರಿಹಾರ ಕೇಳಿದರೆ ದಾಖಲೆಯಲ್ಲಿ ಅವನು ಶಿಶು ವಾದಿ. ಇದನ್ನು ಕನ್ನಡಕ್ಕೆ ತರುವವರು ಶಿಶು ಎಂದು ಬರೆದರೆ ಓದುಗರು ತೊಟ್ಟಿಲಿನ ಕೂಸನ್ನು ಕಣ್ಣಮುಂದೆ ತಂದುಕೊಳ್ಳುತ್ತಾರೆ. ಅಲ್ಲಿ ಬೇಕಾಗಿರುವ ಪದ ಅಪ್ರಾಪ್ತ ವಯಸ್ಕ.

ಆರೋಗ್ಯದ ಅಂಕಿಅಂಶಗಳಲ್ಲಿ ಶಿಶು ಎಂದರೆ ಒಂದು ವರ್ಷ ತುಂಬದ ಮಗು. ಶಿಶು ಮರಣ ಪ್ರಮಾಣ ಎಂಬುದನ್ನು ಲೆಕ್ಕ ಹಾಕುವುದು ಜೀವಂತ ಹುಟ್ಟಿದ ಪ್ರತಿ ಸಾವಿರ ಮಕ್ಕಳಲ್ಲಿ ಮೊದಲ ಹುಟ್ಟುಹಬ್ಬಕ್ಕೆ ಮುಂಚೆ ತೀರಿಕೊಂಡವರೆಷ್ಟು ಎಂದು. ಇದರೊಳಗೇ ಮೊದಲ 28 ದಿನದ ಸಾವುಗಳನ್ನು ನವಜಾತ ಮರಣ ಎಂದು ಬೇರೆ ಎಣಿಸುತ್ತಾರೆ. ಬೇರೆ ಎಣಿಸುವುದಕ್ಕೆ ಅರ್ಥವಿದೆ. ಮೊದಲ ತಿಂಗಳ ಸಾವಿಗೆ ಹೆಚ್ಚಾಗಿ ಹೆರಿಗೆಯ ಸಮಯದ ತೊಂದರೆ, ಅವಧಿಪೂರ್ವ ಜನನ, ಹುಟ್ಟಿನಿಂದ ಬಂದ ದೋಷಗಳು, ಸೋಂಕು ಕಾರಣ. ಆಮೇಲಿನ ತಿಂಗಳುಗಳಲ್ಲಿ ನ್ಯುಮೋನಿಯ, ಭೇದಿಯಂಥವುಗಳ ಪಾಲು ಹೆಚ್ಚುತ್ತದೆ. ಎರಡಕ್ಕೂ ಬೇಕಾದ ವ್ಯವಸ್ಥೆ ಬೇರೆ ಬೇರೆ. ಆದರೂ ಗೆರೆಗೆ ಮಿತಿಯಿದೆ. ಅವಧಿಗೆ ಮುನ್ನ ಹುಟ್ಟಿ 40 ದಿನ ಯಂತ್ರಗಳ ಆಸರೆಯಲ್ಲಿದ್ದು ತೀರಿಕೊಂಡ ಮಗುವಿನ ಸಾವಿನ ಮೂಲ ಮೊದಲ ದಿನದಲ್ಲೇ ಇದೆ. ನವಜಾತ ಮರಣದ ಪಟ್ಟಿಯಲ್ಲಿ ಮಾತ್ರ ಅದು ಬರುವುದಿಲ್ಲ.

ವಿಮಾನಯಾನದಲ್ಲಿ ಶಿಶು ಎಂದರೆ ಎರಡು ವರ್ಷ ತುಂಬದ ಮಗು. ದೊಡ್ಡವರ ತೊಡೆಯ ಮೇಲೆ ಕೂರಿಸಿಕೊಂಡು ಹೋಗಬಹುದೇ, ಬೇರೆ ಸೀಟು ಬೇಕೇ ಎಂಬುದಷ್ಟೇ ಇಲ್ಲಿನ ಪ್ರಶ್ನೆ. ನಮ್ಮ ಮಗು ಎರಡನೇ ಹುಟ್ಟುಹಬ್ಬಕ್ಕೆ ಮುಂಚೆ, ಡಿಸೆಂಬರ್ ಕೊನೆಯಲ್ಲಿ ಹೊರಟು ಜನವರಿ 15ಕ್ಕೆ ವಾಪಸಾಗುತ್ತದೆ ಎನ್ನಿ. ಹೋಗುವಾಗ ಶಿಶು, ಬರುವಾಗ ಅಲ್ಲ. ವಾಪಸಿನ ಪ್ರಯಾಣಕ್ಕೆ ಸೀಟು ತೆಗೆದುಕೊಳ್ಳಬೇಕಾಗುತ್ತದೆ. ವಯಸ್ಸನ್ನು ನೋಡುವುದು ಟಿಕೆಟ್ ತೆಗೆಸಿದ ದಿನಕ್ಕಲ್ಲ, ಹಾರುವ ದಿನಕ್ಕೆ. ಇಲ್ಲಿ ಸರಿಪಡಿಸಿದ ವಯಸ್ಸನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ನಡೆಯುವ ಮಗುವಿಗೆ ಹೆಸರು

ಇಂಗ್ಲಿಷಿನ ಟಾಡ್ಲರ್ ಎಂಬ ಪದಕ್ಕೆ ಕನ್ನಡದಲ್ಲಿ ನೆಲೆನಿಂತ ಒಂದೇ ಪದ ಇಲ್ಲ. ತಪ್ಪು ಹೆಜ್ಜೆ ಇಡುವ ಮಗು, ಪುಟ್ಟ ಮಗು, ಚಿಕ್ಕ ಮಗು ಎಂದೆಲ್ಲ ಹೇಳುತ್ತೇವೆ. ಇದನ್ನು ಕನ್ನಡದ ಕೊರತೆ ಎಂದು ನಾನು ಒಪ್ಪುವುದಿಲ್ಲ. ಆ ಇಂಗ್ಲಿಷ್ ಪದವೂ ತಟ್ಟಾಡುತ್ತಾ ನಡೆಯುವುದು ಎಂಬ ಕ್ರಿಯೆಯಿಂದಲೇ ಬಂದದ್ದು. ಆಡುಮಾತು ಎಲ್ಲ ಕಡೆಯೂ ಮಗು ಏನು ಮಾಡುತ್ತಿದೆ ಎಂಬುದನ್ನು ನೋಡಿ ಹೆಸರಿಡುತ್ತದೆ: ಬೋರಲು ಬೀಳುವ ಕೂಸು, ಅಂಬೆಗಾಲಿಡುವ ಮಗು, ತೊದಲು ಮಾತಿನ ಮಗು. ಈ ಹೆಸರುಗಳಲ್ಲಿ ಸಂಖ್ಯೆಯೇ ಇಲ್ಲದಿರುವುದರಿಂದ ಹತ್ತು ತಿಂಗಳಿಗೇ ನಡೆದ ಮಗು, ಹದಿನೈದು ತಿಂಗಳಿಗೆ ನಡೆದ ಮಗು ಎರಡಕ್ಕೂ ಹೊಂದುತ್ತವೆ.

ಅಮೆರಿಕದ ಆರೋಗ್ಯ ಇಲಾಖೆಯ ಸಿಡಿಸಿ ತಂದೆತಾಯಿಗಳಿಗಾಗಿ ಬರೆದ ಮಾಹಿತಿಯಲ್ಲಿ ಟಾಡ್ಲರ್ ಎಂದರೆ ಒಂದರಿಂದ ಮೂರು ವರ್ಷ. ಔಷಧ ಪರೀಕ್ಷೆಯ ಅಂತರರಾಷ್ಟ್ರೀಯ ಮಾರ್ಗಸೂಚಿಯಲ್ಲಿ ಶಿಶು ಮತ್ತು ಟಾಡ್ಲರ್ ಎರಡೂ ಒಂದೇ ಗುಂಪು, 28 ದಿನದಿಂದ 23 ತಿಂಗಳವರೆಗೆ. 2ರಿಂದ 11 ವರ್ಷದವರು ಮಕ್ಕಳು. ಹಾಗಾಗಿ ಎರಡೂವರೆ ವರ್ಷದ ಮಗು ಒಂದು ಕಡೆ ಟಾಡ್ಲರ್, ಇನ್ನೊಂದು ಕಡೆ ಹತ್ತು ವರ್ಷದ ಹುಡುಗಿಯ ಜೊತೆ ಒಂದೇ ಸಾಲಿನಲ್ಲಿ.

ಎರಡು ವರ್ಷದ ಗೆರೆಯಲ್ಲಿ ಇನ್ನೊಂದು ಸಣ್ಣ ಸಂಗತಿ ಇದೆ, ಗೊತ್ತಿಲ್ಲದೆ ಹೆದರುವವರನ್ನು ನೋಡಿ ಇಲ್ಲಿ ಹೇಳುತ್ತಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯ ಬೆಳವಣಿಗೆ ನಕ್ಷೆಯಲ್ಲಿ ಎರಡು ವರ್ಷದೊಳಗಿನ ಮಗುವಿನ ಉದ್ದವನ್ನು ಮಲಗಿಸಿ ಅಳೆಯುತ್ತಾರೆ, ಆಮೇಲೆ ನಿಲ್ಲಿಸಿ ಅಳೆಯುತ್ತಾರೆ. ನಿಂತಾಗ ಬೆನ್ನುಮೂಳೆ ಕೊಂಚ ಒತ್ತಿಕೊಳ್ಳುವುದರಿಂದ ಅಳತೆ ಸುಮಾರು 0.7 ಸೆಂಟಿಮೀಟರ್ ಕಡಿಮೆ ಬರುತ್ತದೆ. 23 ತಿಂಗಳಲ್ಲಿ ಮಲಗಿಸಿ ಅಳೆದದ್ದನ್ನೂ 24 ತಿಂಗಳಲ್ಲಿ ನಿಲ್ಲಿಸಿ ಅಳೆದದ್ದನ್ನೂ ಪಕ್ಕಪಕ್ಕ ಇಟ್ಟರೆ ಆ ತಿಂಗಳು ಮಗು ಬೆಳೆದೇ ಇಲ್ಲವೇನೋ ಅನಿಸಬಹುದು. ನಕ್ಷೆಯ ಗೆರೆಗಳಲ್ಲಿ ಈ ವ್ಯತ್ಯಾಸವನ್ನು ಮೊದಲೇ ಹೊಂದಿಸಿರುತ್ತಾರೆ. ಹಾಗಾಗಿ ನೋಡಬೇಕಾದದ್ದು ಬರಿ ಸೆಂಟಿಮೀಟರಲ್ಲ, ಮಗು ನಕ್ಷೆಯ ಯಾವ ಗೆರೆಯ ಹತ್ತಿರ ಇದೆ ಎಂಬುದನ್ನು.

ತುಂಬಿದ್ದು, ನಡೆಯುತ್ತಿರುವುದು

ಗೆರೆ ಎಲ್ಲಿದೆ ಎಂದು ತಿಳಿದರೂ ಎಣಿಕೆಯಲ್ಲಿ ಎಡವಬಹುದು. ಕನ್ನಡದಲ್ಲಿ ನಾವು "ಐದು ತುಂಬಿತು" ಅಂತಲೂ ಹೇಳುತ್ತೇವೆ, "ಆರು ನಡೀತಿದೆ" ಅಂತಲೂ ಹೇಳುತ್ತೇವೆ. ಎರಡೂ ಒಂದೇ ಮಗುವಿನ ವಯಸ್ಸು. "ಎಷ್ಟು ವರ್ಷ?" ಎಂದು ಕೇಳಿದಾಗ ಒಬ್ಬರು ಐದು ಎನ್ನುತ್ತಾರೆ, ಒಬ್ಬರು ಆರು ಎನ್ನುತ್ತಾರೆ, ಇಬ್ಬರೂ ಸುಳ್ಳು ಹೇಳಿಲ್ಲ. ವೈದ್ಯಕೀಯದಲ್ಲೂ ಕಾನೂನಿನಲ್ಲೂ ಬೇರೆ ಏನೂ ಹೇಳದಿದ್ದರೆ ಲೆಕ್ಕ ತುಂಬಿದ ವರ್ಷದ್ದು. "2ರಿಂದ 11 ವರ್ಷ" ಎಂದರೆ ಎರಡು ತುಂಬಿದ ದಿನದಿಂದ ಹನ್ನೆರಡು ತುಂಬುವ ಹಿಂದಿನ ದಿನದವರೆಗೆ. 11 ವರ್ಷ 11 ತಿಂಗಳಾದ ಮಗುವೂ ಅದರೊಳಗೇ. "5 ವರ್ಷದೊಳಗಿನ" ಎಂದರೆ ಐದು ತುಂಬದ, ಅಂದರೆ 59 ತಿಂಗಳವರೆಗಿನ ಮಕ್ಕಳು. ಬೇರೆಯವರಿಗಾಗಿ ಬರೆಯುವಾಗ "12 ವರ್ಷದವರೆಗೆ" ಎಂದು ಬರೆಯುವುದನ್ನು ಬಿಟ್ಟು "12 ತುಂಬುವವರೆಗೆ" ಎಂದೋ "12 ತುಂಬಿದವರೂ ಸೇರಿ" ಎಂದೋ ಬರೆದರೆ ಗೊಂದಲ ಅಲ್ಲಿಗೇ ಮುಗಿಯುತ್ತದೆ.

ದಕ್ಷಿಣ ಕೊರಿಯದಲ್ಲಿ ಇದು ದೇಶದ ಮಟ್ಟದ ತಲೆನೋವಾಗಿತ್ತು. ಅಲ್ಲಿನ ರೂಢಿಯಲ್ಲಿ ಹುಟ್ಟಿದಾಗಲೇ ಮಗುವಿಗೆ ಒಂದು ವರ್ಷ, ಪ್ರತಿ ಜನವರಿ 1ಕ್ಕೆ ಎಲ್ಲರಿಗೂ ಇನ್ನೊಂದು ವರ್ಷ. ಡಿಸೆಂಬರ್ 31ರಂದು ಹುಟ್ಟಿದ ಕೂಸಿಗೆ ಮರುದಿನವೇ ಎರಡು. 2023ರ ಜೂನ್‌ನಲ್ಲಿ ಆಡಳಿತ ಮತ್ತು ಸಿವಿಲ್ ವ್ಯವಹಾರಗಳಿಗೆ ಹುಟ್ಟುಹಬ್ಬದಿಂದ ಎಣಿಸುವ ವಯಸ್ಸೇ ಆಧಾರ ಎಂಬ ನಿಯಮ ಜಾರಿಗೆ ಬಂತು. ಹಾಗಿದ್ದೂ ಮದ್ಯ, ತಂಬಾಕು ಮಾರಾಟ ಮತ್ತು ಸೈನಿಕ ಸೇವೆಗೆ ಹುಟ್ಟಿದ ಇಸವಿಯನ್ನಷ್ಟೇ ನೋಡುವ ಲೆಕ್ಕ ಉಳಿದುಕೊಂಡಿತು.

ಜಪಾನಿನಲ್ಲಿ ಬೇರೊಂದು ಬಗೆಯ ಸೂಕ್ಷ್ಮ. ಅಲ್ಲಿ 1902ರ ಕಾನೂನಿನ ಪ್ರಕಾರ ಒಂದು ವಯಸ್ಸು ತುಂಬುವುದು ಹುಟ್ಟುಹಬ್ಬದ ಹಿಂದಿನ ದಿನ ಮುಗಿಯುವ ಹೊತ್ತಿಗೆ. ಶಾಲೆಯ ವರ್ಷ ಏಪ್ರಿಲ್ 1ಕ್ಕೆ ಶುರು. ಏಪ್ರಿಲ್ 1ರಂದು ಹುಟ್ಟಿದ ಮಗುವಿಗೆ ಕಾನೂನಿನ ಪ್ರಕಾರ ಮಾರ್ಚ್ 31ಕ್ಕೇ ಆರು ತುಂಬಿಹೋಗುತ್ತದೆ. ಹಾಗಾಗಿ ಅದು ಆ ವರ್ಷವೇ ಶಾಲೆಗೆ ಸೇರುತ್ತದೆ, ತರಗತಿಯಲ್ಲಿ ಎಲ್ಲರಿಗಿಂತ ಚಿಕ್ಕದಾಗಿ. ಒಂದೇ ದಿನ ತಡವಾಗಿ, ಏಪ್ರಿಲ್ 2ರಂದು ಹುಟ್ಟಿದ ಮಗು ಇನ್ನೊಂದು ವರ್ಷ ಕಾದು ಮುಂದಿನ ತರಗತಿಯ ಅತಿ ದೊಡ್ಡ ಮಗುವಾಗುತ್ತದೆ.

ಹದಿಹರೆಯ ಯಾವಾಗ ಮುಗಿಯುತ್ತದೆ

ಹದಿಹರೆಯ ಎಂಬ ಪದದಲ್ಲೇ ಸಂಖ್ಯೆ ಅಡಗಿದೆ. ಹದಿಮೂರರಿಂದ ಹದಿನೆಂಟರವರೆಗೆ ಕನ್ನಡದ ಎಣಿಕೆಯಲ್ಲಿ 'ಹದಿ' ಬರುತ್ತದೆ, ಹತ್ತೊಂಬತ್ತಕ್ಕೆ ಬರುವುದಿಲ್ಲ. ಇಂಗ್ಲಿಷಿನ ಟೀನ್ ಹತ್ತೊಂಬತ್ತಕ್ಕೂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಹದಿಹರೆಯ ಇವೆರಡಕ್ಕೂ ಹೊಂದುವುದಿಲ್ಲ, ಅದು 10ರಿಂದ 19. ಮೈಯಲ್ಲಿ ಬದಲಾವಣೆ ಶುರುವಾಗುವುದು ಹೆಣ್ಣುಮಕ್ಕಳಲ್ಲಿ ಸಾಮಾನ್ಯವಾಗಿ 8ರಿಂದ 13 ವರ್ಷದ ನಡುವೆ, ಗಂಡುಮಕ್ಕಳಲ್ಲಿ 9ರಿಂದ 14ರ ನಡುವೆ. ಹಾಗಾಗಿ ಹತ್ತರಿಂದ ಎಣಿಸುವುದು ಆರೋಗ್ಯದ ದೃಷ್ಟಿಯಿಂದ ಸರಿಯೇ. ಇನ್ನೊಂದು ತುದಿಯ ಬಗ್ಗೆ ಮಾತ್ರ ಒಮ್ಮತವಿಲ್ಲ. 2018ರಲ್ಲಿ ಸೂಸನ್ ಸಾಯರ್ ಮತ್ತು ಸಂಗಡಿಗರು ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಹದಿಹರೆಯವನ್ನು 10ರಿಂದ 24 ಎಂದು ಹಿಗ್ಗಿಸಬೇಕೆಂದು ವಾದಿಸಿದರು. ಮಿದುಳಿನ ಬೆಳವಣಿಗೆ ಇಪ್ಪತ್ತು ದಾಟಿದ ಮೇಲೂ ನಡೆಯುತ್ತದೆ. ಓದು ಮುಗಿಸುವುದು, ಮದುವೆ, ಮಕ್ಕಳು ಎಲ್ಲ ಮುಂದಕ್ಕೆ ಹೋಗಿವೆ ಎಂಬುದು ಅವರ ಕಾರಣ. ಒಪ್ಪದವರೂ ಇದ್ದಾರೆ. 23ರ ವಯಸ್ಕರನ್ನು ಹದಿಹರೆಯದವರ ಜೊತೆ ಸೇರಿಸಿದರೆ ಅವರ ಸ್ವಂತ ನಿರ್ಧಾರದ ಮರ್ಯಾದೆ ತಗ್ಗುತ್ತದೆ ಎನ್ನುವವರ ಮಾತನ್ನೂ ತಳ್ಳಿಹಾಕುವಂತಿಲ್ಲ.

ಕಾನೂನಿನಲ್ಲಿ 18 ಎಂಬುದು ಬಲವಾದ ಗೆರೆ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ ಪ್ರಕಾರ 18 ತುಂಬದವರೆಲ್ಲ ಮಕ್ಕಳು, ಆಯಾ ದೇಶದ ಕಾನೂನು ಅದಕ್ಕೂ ಮುಂಚೆ ಪ್ರಾಪ್ತ ವಯಸ್ಸು ಕೊಟ್ಟಿರದಿದ್ದರೆ. ಹೀಗಾಗಿ 17 ವರ್ಷದ ಹುಡುಗಿ ಏಕಕಾಲಕ್ಕೆ ಮಗುವೂ ಹೌದು, ಹದಿಹರೆಯದವಳೂ ಹೌದು. 15ರಿಂದ 24 ಎಂಬ ವಿಶ್ವಸಂಸ್ಥೆಯ ಅಂಕಿಅಂಶದಲ್ಲಿ ಯುವತಿಯೂ ಹೌದು. ಹತ್ತೊಂಬತ್ತರವಳು ಮಗುವಲ್ಲ, ಹದಿಹರೆಯದವಳು ಹೌದು, ಕಾನೂನಿಗೆ ವಯಸ್ಕಳು. ಈ ಗುಂಪುಗಳು ಒಂದಾದ ಮೇಲೊಂದು ಬರುವ ಮೆಟ್ಟಿಲುಗಳಲ್ಲ, ಒಂದರ ಮೇಲೊಂದು ಹೊದ್ದುಕೊಂಡಿರುವ ವೃತ್ತಗಳು. ಒಂದು ವರದಿಯ ಮಕ್ಕಳ ಸಂಖ್ಯೆಗೆ ಇನ್ನೊಂದು ವರದಿಯ ಯುವಜನರ ಸಂಖ್ಯೆಯನ್ನು ಕೂಡಿಸಿದರೆ 15, 16, 17 ವರ್ಷದವರನ್ನು ಎರಡು ಸಲ ಎಣಿಸಿದಂತಾಗುತ್ತದೆ.

ಹದಿನೆಂಟು ಕೂಡ ಎಲ್ಲ ಬಾಗಿಲುಗಳನ್ನೂ ಒಟ್ಟಿಗೆ ತೆರೆಯುವುದಿಲ್ಲ. ಜಪಾನ್ 2022ರ ಏಪ್ರಿಲ್‌ನಲ್ಲಿ ಪ್ರಾಪ್ತ ವಯಸ್ಸನ್ನು 20ರಿಂದ 18ಕ್ಕೆ ಇಳಿಸಿತು. 18 ತುಂಬಿದವರು ತಾವೇ ಒಪ್ಪಂದಕ್ಕೆ ಸಹಿ ಹಾಕಬಹುದು, ಮದ್ಯ ಕೊಳ್ಳಲು ಮಾತ್ರ 20 ತುಂಬಬೇಕು. ಇಂಗ್ಲೆಂಡಿನಲ್ಲಿ 16 ತುಂಬಿದವರು ತಮ್ಮ ಚಿಕಿತ್ಸೆಗೆ ತಾವೇ ಒಪ್ಪಿಗೆ ಕೊಡಬಹುದು. 1985ರ ಗಿಲ್ಲಿಕ್ ಪ್ರಕರಣದಲ್ಲಿ ಅಲ್ಲಿನ ಉನ್ನತ ನ್ಯಾಯಪೀಠ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: 16 ತುಂಬದಿದ್ದರೂ ಚಿಕಿತ್ಸೆ ಏನು, ಅದರ ಪರಿಣಾಮ ಏನು ಎಂದು ಪೂರ್ತಿ ಅರ್ಥ ಮಾಡಿಕೊಳ್ಳಬಲ್ಲ ಮಗು ಒಪ್ಪಿಗೆ ಕೊಡಬಹುದು. ಸಂಖ್ಯೆಯನ್ನೇ ನಂಬುವ ಕಾನೂನು ಇಲ್ಲಿ ಎದುರಿಗಿರುವ ಮಗುವನ್ನು ನೋಡಲು ಒಪ್ಪಿಕೊಂಡಿತು.

ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಲ್ಲಿ ಒಂದೇ ಸೂರಿನಡಿ ಎರಡು ಗೆರೆಗಳಿವೆ. ಔಷಧಿಯ ಲೇಬಲ್‌ನಲ್ಲಿ ಮಕ್ಕಳ ವಯಸ್ಸು 17 ತುಂಬುವವರೆಗೆ, ವೈದ್ಯಕೀಯ ಉಪಕರಣಗಳಿಗೆ 22 ತುಂಬುವವರೆಗೆ. 20 ವರ್ಷದವನು ನುಂಗುವ ಮಾತ್ರೆಗೆ ದೊಡ್ಡವನು, ಅವನ ಎದೆಯೊಳಗೆ ಇಡುವ ಉಪಕರಣಕ್ಕೆ ಮಕ್ಕಳ ಗುಂಪಿನವನು.

ಮನೆಯಲ್ಲಿ ಹೆಚ್ಚಾಗಿ ಎದುರಾಗುವುದು 12ರ ಗೆರೆ. ಬಹಳಷ್ಟು ಔಷಧಿಗಳ ಡಬ್ಬಿಯ ಮೇಲೆ 12 ವರ್ಷ ಮೇಲ್ಪಟ್ಟವರಿಗೆ ಎಂದು ಇರುತ್ತದೆ. ಹನ್ನೆರಡು ತುಂಬಿದ ಇಬ್ಬರು ಮಕ್ಕಳಲ್ಲಿ ಒಬ್ಬನ ತೂಕ 30 ಕಿಲೋ, ಇನ್ನೊಬ್ಬನದು 55 ಕಿಲೋ ಇರುವುದು ಅಪರೂಪವೇನಲ್ಲ. ಪ್ಯಾರಾಸಿಟಮಾಲ್ ಅನ್ನು ಮಕ್ಕಳಿಗೆ ಸಾಮಾನ್ಯವಾಗಿ ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ ಲೆಕ್ಕದಲ್ಲಿ ಕೊಡುತ್ತಾರೆ. 30 ಕಿಲೋದವನಿಗೆ ಅದು 300ರಿಂದ 450 ಮಿಲಿಗ್ರಾಂ, 55 ಕಿಲೋದವನಿಗೆ 550ರಿಂದ 825. ದೊಡ್ಡವರಂತೆ 500 ಮಿಲಿಗ್ರಾಂನ ಎರಡು ಮಾತ್ರೆಯನ್ನು ಮೊದಲನೆಯವನಿಗೆ ಕೊಟ್ಟರೆ ಕಿಲೋಗೆ 33 ಮಿಲಿಗ್ರಾಂ ಆಗುತ್ತದೆ, ಮಿತಿಯ ಎರಡು ಪಟ್ಟಿಗಿಂತ ಹೆಚ್ಚು. ಡಬ್ಬಿಯ ಮೇಲಿನ ವಯಸ್ಸು ತೂಕದ ಬದಲಿಗೆ ಇಟ್ಟ ಅಂದಾಜು. ವಯಸ್ಸಿಗಿಂತ ಸಣಕಲಾಗಿರುವ ಮಗುವಿದ್ದರೆ ತೂಕ ಹೇಳಿ ವೈದ್ಯರನ್ನೋ ಔಷಧಿ ಅಂಗಡಿಯವರನ್ನೋ ಕೇಳಿಯೇ ಕೊಡಬೇಕು.

ಮೂವತ್ತೈದು, ಅರವತ್ತೈದು, ಎಪ್ಪತ್ತೈದು

ಮೂವತ್ತೈದು ವರ್ಷದವರು ಚಿಕ್ಕವರೋ ದೊಡ್ಡವರೋ? ಆಫ್ರಿಕದ ಯುವಜನ ಸನ್ನದಿನಲ್ಲಿ ಯುವಜನರೆಂದರೆ 15ರಿಂದ 35, ಹಾಗಾಗಿ ಅವರು ಯುವಕರು. ಅಥ್ಲೆಟಿಕ್ಸ್‌ನಲ್ಲಿ ಅದೇ 35ರಿಂದ ಮಾಸ್ಟರ್ಸ್ ವಿಭಾಗ ಶುರು, ಅಲ್ಲಿ ಅವರು ವಯಸ್ಸಾದವರ ಗುಂಪಿಗೆ ಹೊಸಬರು. ಹೆರಿಗೆಯ ಹೊತ್ತಿಗೆ 35 ತುಂಬಿರುವ ಗರ್ಭಿಣಿಯನ್ನು ಪ್ರಸೂತಿ ವೈದ್ಯರು ಹೆಚ್ಚು ವಯಸ್ಸಿನ ತಾಯಿ ಎಂದು ಬರೆದುಕೊಳ್ಳುತ್ತಾರೆ. ಕ್ರೋಮೋಸೋಮ್ ದೋಷದಂಥ ಕೆಲವು ಅಪಾಯಗಳು ವಯಸ್ಸಿನ ಜೊತೆ ಏರುತ್ತವೆ ಎಂಬುದು ನಿಜ. ಆದರೆ ಅವು ಮೆಲ್ಲಗೆ ಏರುತ್ತಾ ಬರುತ್ತವೆ, 35ನೇ ಹುಟ್ಟುಹಬ್ಬದ ಬೆಳಿಗ್ಗೆ ಹಠಾತ್ತನೆ ಜಿಗಿಯುವುದಿಲ್ಲ. ಚೀಟಿಯಲ್ಲಿ ಆ ಪದ ಕಂಡು ಕುಸಿದುಹೋದವರಿಗೆ ಇದನ್ನು ಬಿಡಿಸಿ ಹೇಳಬೇಕಾದ ಹೊಣೆ ಬರೆದವರ ಮೇಲಿದೆ ಎಂದೇ ನನ್ನ ಅಭಿಪ್ರಾಯ.

ಹಿರಿಯರು ಎಂಬ ಪದ ಕನ್ನಡದಲ್ಲಿ ಮೊದಲು ಸಂಬಂಧ ಹೇಳುವ ಪದ. ಹತ್ತು ವರ್ಷದ ಅಕ್ಕ ಆರು ವರ್ಷದ ತಮ್ಮನಿಗೆ ಹಿರಿಯಳೇ. ಹಿರಿಯ ನಾಗರಿಕ ಎಂದಾಗ ಅದಕ್ಕೆ ಸಂಖ್ಯೆ ಅಂಟಿಕೊಳ್ಳುತ್ತದೆ. ವಿಶ್ವಸಂಸ್ಥೆಯ ಬಳಕೆಯಲ್ಲಿ ಹೆಚ್ಚಾಗಿ 60, ಬಹಳಷ್ಟು ಶ್ರೀಮಂತ ದೇಶಗಳ ಅಂಕಿಅಂಶದಲ್ಲಿ 65. ಈ 65 ದೇಹದ ಅಧ್ಯಯನದಿಂದ ಬಂದದ್ದಲ್ಲ, ಪಿಂಚಣಿಯ ಲೆಕ್ಕದಿಂದ ಬಂದದ್ದು. ಜರ್ಮನಿಯ 1889ರ ವೃದ್ಧಾಪ್ಯ ವಿಮೆಯ ಕಾನೂನಿನಲ್ಲಿ ವಯಸ್ಸು 70 ಇತ್ತು. ಅದನ್ನು ತಂದ ಬಿಸ್ಮಾರ್ಕ್ 65 ಎಂದು ಗೊತ್ತುಮಾಡಿದ ಎಂಬ ಮಾತು ಎಲ್ಲೆಡೆ ಓಡಾಡುತ್ತದೆ, ಅದು ತಪ್ಪು. 65ಕ್ಕೆ ಇಳಿದದ್ದು 1916ರಲ್ಲಿ. ಅಮೆರಿಕದ 1935ರ ಸಾಮಾಜಿಕ ಭದ್ರತಾ ಕಾಯ್ದೆಯೂ 65 ಎಂದೇ ಇಟ್ಟುಕೊಂಡಿತು.

ಪಿಂಚಣಿಗಾಗಿ ಎಳೆದ ಈ ಗೆರೆ ಆಮೇಲೆ ವೈದ್ಯಕೀಯಕ್ಕೂ ಬಂದು ಕೂತಿತು. ವಯಸ್ಸಾದವರಿಗೆ ಯಾವ ಔಷಧಿ ಸಾಧ್ಯವಾದಷ್ಟು ಬೇಡ ಎಂದು ಹೇಳುವ ಬಿಯರ್ಸ್ ಪಟ್ಟಿ 65 ತುಂಬಿದವರಿಗೆ. ಪಟ್ಟಿ ಬೇಕೇ ಬೇಕು, ಏಕೆಂದರೆ ಮೂತ್ರಪಿಂಡಗಳು ನಿಧಾನವಾದಾಗ ಔಷಧಿ ಮೈಯಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಕೆಲವು ನಿದ್ದೆ ಮಾತ್ರೆಗಳಿಂದ ತೂರಾಡಿ ಬಿದ್ದು ಸೊಂಟದ ಮೂಳೆ ಮುರಿಯಬಹುದು. ಆದರೆ 66ರಲ್ಲೇ ಮೆಟ್ಟಿಲು ಹತ್ತಲಾಗದವರಿದ್ದಾರೆ, 80ರಲ್ಲೂ ತಮ್ಮ ಕೆಲಸ ತಾವೇ ಮಾಡಿಕೊಳ್ಳುವವರಿದ್ದಾರೆ. ಅದಕ್ಕೇ ವೃದ್ಧರ ವೈದ್ಯರು ವಯಸ್ಸಿನ ಜೊತೆಗೆ ದೌರ್ಬಲ್ಯದ ಅಳತೆಯನ್ನೂ ನೋಡುತ್ತಾರೆ: ಎರಡು ವಾರದ ಹಿಂದೆ, ಈ ಕಾಯಿಲೆ ಬರುವ ಮೊದಲು, ಸ್ನಾನ ತಾವೇ ಮಾಡುತ್ತಿದ್ದರಾ? ಹಣಕಾಸು ತಾವೇ ನೋಡಿಕೊಳ್ಳುತ್ತಿದ್ದರಾ? ಮೆಟ್ಟಿಲು ಹತ್ತುತ್ತಿದ್ದರಾ? ವಯಸ್ಸಾದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಮನೆಯವರು "ಎಪ್ಪತ್ತೆಂಟು ವರ್ಷ" ಎಂದಷ್ಟೇ ಹೇಳದೆ ಇದನ್ನೂ ಹೇಳಿದರೆ ಚಿಕಿತ್ಸೆಯ ತೀರ್ಮಾನಕ್ಕೆ ಬಹಳ ನೆರವಾಗುತ್ತದೆ. ಹಾಸಿಗೆಯಲ್ಲಿ ಮಲಗಿರುವವರನ್ನು ಮೊದಲ ಸಲ ನೋಡುವ ವೈದ್ಯರಿಗೆ ಅವರು ಹೋದ ತಿಂಗಳು ಹೇಗಿದ್ದರು ಎಂದು ಕಾಣಿಸುವುದಿಲ್ಲ.

2017ರಲ್ಲಿ ಜಪಾನಿನ ವೃದ್ಧಾಪ್ಯ ಅಧ್ಯಯನದ ಮತ್ತು ವೃದ್ಧರ ವೈದ್ಯಕೀಯದ ಸಂಘಗಳು ಒಂದು ಪ್ರಸ್ತಾಪ ಮುಂದಿಟ್ಟವು. ಇಂದಿನ 65ರಿಂದ 74ರವರ ನಡಿಗೆ, ಮೈ ಮನಸ್ಸಿನ ಚುರುಕು ಹಿಂದಿನ ತಲೆಮಾರಿನ ಅದೇ ವಯಸ್ಸಿನವರಿಗಿಂತ ಚೆನ್ನಾಗಿದೆ. ಹಾಗಾಗಿ ಅವರನ್ನು ವೃದ್ಧಾಪ್ಯಕ್ಕೆ ಮುಂಚಿನವರು ಎಂದು ಕರೆಯೋಣ, ವೃದ್ಧರು ಎನ್ನುವುದನ್ನು 75ರಿಂದ ಶುರುಮಾಡೋಣ ಎಂದು ಅವು ಹೇಳಿದವು. ಈ ಮಾತನ್ನು ಪಿಂಚಣಿಗೆ ನೇರವಾಗಿ ಹಚ್ಚಬಾರದು, ಅದಕ್ಕೆ ಬೇರೆಯೇ ಚರ್ಚೆ ಬೇಕು ಎಂಬ ಎಚ್ಚರಿಕೆಯೂ ಆಗ ಬಂತು. ಅಲ್ಲಿ ಮೂಲ ಪಿಂಚಣಿಯ ವಯಸ್ಸು 65 ಆಗಿಯೇ ಇದೆ.